ವೀರ್ಯ ಪರೀಕ್ಷೆಯ ರಿಪೋರ್ಟನ್ನು ಓದುವುದು ಹೇಗೆ?

(ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯ ಪ್ರಶ್ನೆಗಳಲ್ಲಿ ಮೂರನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪ್ಯಾಥಾಲಜಿ ಓದಿದವನು. ಮೈಕ್ರೋಸ್ಕೋಪಿನ ಮುಂದೆ ಕೂತು ಎಣಿಸಿ ರಿಪೋರ್ಟ್ ಬರೆಯುವುದು ನನ್ನ ಕೆಲಸ, ಔಷಧಿ ಬರೆಯುವುದಲ್ಲ. ಆದ್ದರಿಂದ ಇವತ್ತು ಚಿಕಿತ್ಸೆಯ ವಿಷಯ ಕಡಿಮೆ, ಆ ಒಂದು ಹಾಳೆಯ ವಿಷಯ ಹೆಚ್ಚು.

ಸಕ್ಕರೆ ಪರೀಕ್ಷೆಯ ರಿಪೋರ್ಟ್ ಓದುವುದು ಈಗ ಎಲ್ಲರಿಗೂ ಬರುತ್ತದೆ. ಎಡಕ್ಕೆ ನಮ್ಮ ಅಂಕಿ, ಬಲಕ್ಕೆ ಇರಬೇಕಾದ ಅಂಕಿ. ನಮ್ಮದು ಆ ಮಿತಿಯೊಳಗಿದ್ದರೆ ನೆಮ್ಮದಿ, ಹೊರಗಿದ್ದರೆ ಕಾಯಿಲೆ. ವೀರ್ಯ ಪರೀಕ್ಷೆಯ ರಿಪೋರ್ಟೂ ನೋಡಲು ಹಾಗೆಯೇ ಇರುವುದರಿಂದ ಜನ ಅದನ್ನೂ ಹಾಗೆಯೇ ಓದುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ. ಬಲಗಡೆಯ ಕಾಲಂನಲ್ಲಿ ಅಚ್ಚಾಗಿರುವ ಅಂಕಿ ಇಲ್ಲಿ ಬೇರೆಯೇ ಸಂಗತಿಯನ್ನು ಹೇಳುತ್ತದೆ. ಅದೇನು ಅಂತ ಮೊದಲು ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆ ವೀರ್ಯ ಪರೀಕ್ಷೆಗಾಗಿಯೇ ಒಂದು ಕೈಪಿಡಿ ಹೊರತರುತ್ತದೆ. ಈಗ ಬಳಕೆಯಲ್ಲಿರುವುದು 2021ರ ಆರನೆಯ ಆವೃತ್ತಿ. ಅದರ ಅಂಕಿಗಳು ಬಂದದ್ದು 12 ದೇಶಗಳ ಸುಮಾರು 3,500 ಗಂಡಸರಿಂದ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಇವರೆಲ್ಲರ ಸಮಾನ ಅಂಶ ಒಂದೇ: ಪ್ರಯತ್ನ ಶುರುಮಾಡಿ 12 ತಿಂಗಳೊಳಗೆ ಇವರ ಹೆಂಡತಿಯರು ಗರ್ಭಿಣಿಯರಾಗಿದ್ದರು. ಅಂದರೆ ಇವರೆಲ್ಲ ತಂದೆಯಾದವರೇ. ಈಗ ಇಂಥ ನೂರು ಜನರನ್ನು ವೀರ್ಯಾಣುಗಳ ಕೌಂಟ್ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ. ತಳದಿಂದ ಐದನೆಯವನ ಅಂಕಿ ಏನಿದೆಯೋ ಅದನ್ನೇ 'ಕೆಳಮಿತಿ' ಎಂದು ರಿಪೋರ್ಟಿನಲ್ಲಿ ಅಚ್ಚು ಹಾಕುವುದು.

ಇದರ ಅರ್ಥ ನೋಡಿ. ಆ ಐದನೆಯವನ ಕೆಳಗೆ ನಿಂತ ನಾಲ್ವರೂ ತಂದೆಯಾದವರೇ, ಅದೂ ಒಂದು ವರ್ಷದೊಳಗೆ. ಹಾಗಾಗಿ ಕೆಳಮಿತಿಗಿಂತ ಕಡಿಮೆ ಬಂದರೆ 'ಮಕ್ಕಳಾಗುವುದಿಲ್ಲ' ಎಂದಲ್ಲ. ಮಿತಿ ದಾಟಿದ ಮಾತ್ರಕ್ಕೆ 'ಆಗಿಯೇ ಆಗುತ್ತದೆ' ಎಂದೂ ಅಲ್ಲ, ಏಕೆಂದರೆ ಮಕ್ಕಳಾಗದ ಗಂಡಸರಲ್ಲೂ ಎಷ್ಟೋ ಜನ ಆ ಗೆರೆಯ ಮೇಲೆಯೇ ಇರುತ್ತಾರೆ. 2001ರಲ್ಲಿ ಅಮೆರಿಕದಲ್ಲಿ ಮಕ್ಕಳಾದ ಮತ್ತು ಆಗದ ಸುಮಾರು 1,460 ದಂಪತಿಗಳನ್ನು ಹೋಲಿಸಿ ನೋಡಿದರು. ಕೌಂಟ್ ಮಿಲಿಲೀಟರಿಗೆ 13.5 ಮಿಲಿಯನ್‌ಗಿಂತ ಕಡಿಮೆ ಇದ್ದರೆ ಕಷ್ಟದ ಸಾಧ್ಯತೆ ಹೆಚ್ಚು, 48 ಮಿಲಿಯನ್‌ಗಿಂತ ಹೆಚ್ಚಿದ್ದರೆ ಕಡಿಮೆ, ನಡುವಿನವರ ಬಗ್ಗೆ ಏನೂ ಹೇಳಲಾಗದು ಎಂಬಲ್ಲಿಗೆ ಅದು ಬಂದು ನಿಂತಿತು. ಎಷ್ಟೋ ರಿಪೋರ್ಟುಗಳು ಈ ನಡುವಿನ ಪಟ್ಟಿಯಲ್ಲೇ ಬೀಳುತ್ತವೆ. ಆರನೆಯ ಆವೃತ್ತಿಯೂ ಈ ಒಂದೇ ಗೆರೆಯನ್ನು ಹಿಡಿದು ಗಂಡಸಿಗೆ ಬಂಜೆತನದ ಪಟ್ಟ ಕಟ್ಟಬೇಡಿ ಎಂದೇ ಹೇಳುತ್ತದೆ.

ಈಗ ಒಂದು ರಿಪೋರ್ಟನ್ನೇ ಎತ್ತಿಕೊಳ್ಳೋಣ. ಯಾರ ಗುರುತೂ ಸಿಗದಂತೆ ಮೂರ್ನಾಲ್ಕು ರಿಪೋರ್ಟುಗಳನ್ನು ಬೆರೆಸಿ ಒಂದು ಮಾಡಿದ್ದೇನೆ. ಗಂಡನಿಗೆ 34, ಹೆಂಡತಿಗೆ 29. ಮದುವೆಯಾಗಿ ಮೂರು ವರ್ಷ, ಮಗುವಿಗಾಗಿ ಪ್ರಯತ್ನ ಒಂದೂಕಾಲು ವರ್ಷದಿಂದ. ಹೆಂಡತಿಗೆ ಅಷ್ಟರಲ್ಲಿ ಎರಡು ಸ್ಕ್ಯಾನು, ಥೈರಾಯ್ಡು, ಗರ್ಭನಾಳದ ಎಕ್ಸ್‌ರೇ ಎಲ್ಲ ಮುಗಿದಿತ್ತು. ಗಂಡನ ಪರೀಕ್ಷೆ ಆದದ್ದು ಎಲ್ಲಕ್ಕಿಂತ ಕೊನೆಗೆ. ಸೂಜಿ ಚುಚ್ಚುವ ಅಗತ್ಯವೂ ಇಲ್ಲದ, ಖರ್ಚೂ ಕಡಿಮೆಯ ಪರೀಕ್ಷೆಯನ್ನು ಕೊನೆಗೆ ಮಾಡಿಸುವ ನಮ್ಮ ಈ ಪದ್ಧತಿ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇರಲಿ.

ಅವರ ರಿಪೋರ್ಟು ಹೀಗಿತ್ತು. ವೀರ್ಯದ ಪ್ರಮಾಣ 1.8 ಮಿಲಿ. ಕೌಂಟ್ ಮಿಲಿಲೀಟರಿಗೆ 14 ಮಿಲಿಯನ್. ಒಟ್ಟು ಚಲನೆ ಶೇ. 38, ಅದರಲ್ಲಿ ಮುನ್ನುಗ್ಗುವ ಚಲನೆ ಶೇ. 24. ಸರಿಯಾದ ಆಕಾರದವು ಶೇ. 3. ಪಸ್ ಸೆಲ್ಸ್, ಅಂದರೆ ಬಿಳಿ ರಕ್ತಕಣಗಳು, 4ರಿಂದ 6. ಕೆಳಗೆ ದಪ್ಪಕ್ಷರದಲ್ಲಿ 'ಆಲಿಗೋಆಸ್ತೆನೋಟೆರಾಟೋಝೂಸ್ಪರ್ಮಿಯ' ಎಂಬ ಉಸಿರುಕಟ್ಟಿಸುವ ಪದ. ಅದರಲ್ಲಿರುವುದು ಇಷ್ಟೇ: ಸಂಖ್ಯೆ ಕಡಿಮೆ, ಚಲನೆ ಕಡಿಮೆ, ಆಕಾರ ಸರಿ ಇರುವವು ಕಡಿಮೆ. ಅದು ಕಾಯಿಲೆಯ ಹೆಸರಲ್ಲ, ಮೇಲಿನ ಮೂರು ಸಾಲನ್ನು ಒಟ್ಟಿಗೆ ಹೇಳುವ ಬಗೆ. ಆದರೂ ದಂಪತಿ ಆ ಪದವನ್ನು ಮೊಬೈಲಿನಲ್ಲಿ ಹುಡುಕಿ, ರಾತ್ರಿಯೆಲ್ಲ ನಿದ್ದೆಗೆಟ್ಟು, ಐವಿಎಫ್‌ಗೆ ಎಷ್ಟು ಸಾಲ ಮಾಡಬೇಕಾದೀತು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದರು.

ಸ್ಯಾಂಪಲ್ ಕೊಟ್ಟದ್ದು ಹೇಗೆ

ಇಂಥ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಕೌಂಟನ್ನಲ್ಲ, ಮೇಲಿನ ಸಣ್ಣಕ್ಷರದ ಸಾಲುಗಳನ್ನು. ಎಷ್ಟು ದಿನ ಬಿಟ್ಟು ಕೊಟ್ಟಿದ್ದಾರೆ, ಎಲ್ಲಿ ಸಂಗ್ರಹಿಸಿದರು, ಎಷ್ಟು ಗಂಟೆಗೆ, ಲ್ಯಾಬಿನಲ್ಲಿ ನೋಡಿದ್ದು ಎಷ್ಟು ಗಂಟೆಗೆ, ಸ್ಯಾಂಪಲ್ ಪೂರ್ತಿ ಸಿಕ್ಕಿತೇ. ಈ ಸಾಲುಗಳು ಖಾಲಿ ಇದ್ದರೆ ಕೆಳಗಿನ ಅಂಕಿಗಳಿಗೆ ಅರ್ಧ ಬೆಲೆ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನದ ಅಂತರ ಇರಬೇಕು. ನಮ್ಮಲ್ಲಿ ಧಾತು ನಷ್ಟದ ಭಯ ಹಳೆಯದು. ಕೂಡಿಟ್ಟಷ್ಟೂ ಗಟ್ಟಿ ಎಂದುಕೊಂಡು ಇಪ್ಪತ್ತು ದಿನ ಬಿಟ್ಟು ಬರುವವರಿದ್ದಾರೆ. ಸಂಖ್ಯೆ ಸ್ವಲ್ಪ ಏರುವುದು ನಿಜ. ಆದರೆ ಒಳಗೇ ನಿಂತ ವೀರ್ಯಾಣುಗಳು ಹಳತಾಗಿ ಚಲನೆ ಕುಸಿಯುತ್ತದೆ. ಹಿಂದಿನ ದಿನವೇ ಸಂಪರ್ಕವಾಗಿದ್ದರೆ ಪ್ರಮಾಣವೂ ಸಂಖ್ಯೆಯೂ ಇಳಿಯುತ್ತವೆ. ಎರಡನೆಯ ಸಲ ಪರೀಕ್ಷೆ ಮಾಡಿಸುವಾಗ ಮೊದಲ ಸಲದಷ್ಟೇ ದಿನದ ಅಂತರ ಇಟ್ಟುಕೊಂಡರೆ ಹೋಲಿಸಲು ಸುಲಭ.

ಇನ್ನೊಂದು, ಜನ ಹೇಳಲು ನಾಚುವ ವಿಷಯ: ಸ್ಯಾಂಪಲಿನ ಮೊದಲ ಭಾಗ ಡಬ್ಬಿಯ ಹೊರಗೆ ಬಿದ್ದುಬಿಡುವುದು. ಗಾಬರಿ, ಲ್ಯಾಬಿನ ಇಕ್ಕಟ್ಟಿನ ಕೋಣೆ, ಹೊರಗೆ ಯಾರೋ ಕಾಯುತ್ತಿರುವ ಸದ್ದು, ಇವುಗಳ ನಡುವೆ ಇದು ಆಗುವುದು ಸಹಜ. ಆದರೆ ವೀರ್ಯ ಒಂದೇ ಹದದ ದ್ರವವಾಗಿ ಬರುವುದಿಲ್ಲ. ವೀರ್ಯಾಣುಗಳು ಹೆಚ್ಚಾಗಿ ಬರುವುದು ಪ್ರಾಸ್ಟೇಟ್ ಗ್ರಂಥಿಯ ದ್ರವದ ಜೊತೆ, ಮೊದಲ ಚಿಮ್ಮಿನಲ್ಲಿ. ಆಮೇಲೆ ಬರುವುದು ಬಹುಪಾಲು ವೀರ್ಯಕೋಶದ ದ್ರವ. ಅದರಲ್ಲಿ ಪ್ರಮಾಣ ಜಾಸ್ತಿ, ವೀರ್ಯಾಣು ಕಡಿಮೆ. ಹಾಗಾಗಿ ಮೊದಲ ನಾಲ್ಕು ಹನಿ ಹೋದರೆ ಪ್ರಮಾಣದಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ, ಕೌಂಟ್ ಮಾತ್ರ ಪಾತಾಳಕ್ಕೆ ಇಳಿಯುತ್ತದೆ. ನಾನು ಹೇಳುತ್ತಿರುವ ಗಂಡನಿಗೆ ಆಗಿದ್ದದ್ದೂ ಇದೇ. ಕೇಳಿದಾಗ ತಲೆ ತಗ್ಗಿಸಿ, 'ಸ್ವಲ್ಪ ಹೊರಗೆ ಹೋಯ್ತು ಸಾರ್, ಪರವಾಗಿಲ್ಲ ಅಂದ್ಕೊಂಡೆ' ಅಂದರು. ಲ್ಯಾಬಿನವರಿಗೆ ಈ ಮಾತು ಹೇಳಲು ಸಂಕೋಚ ಬೇಡ. ಹೇಳಿದರೆ 'ಸ್ಯಾಂಪಲ್ ಅಪೂರ್ಣ' ಎಂದು ಬರೆದು ಇನ್ನೊಮ್ಮೆ ಕೇಳುತ್ತಾರೆ, ಅಷ್ಟೇ.

ಮನೆಯಿಂದ ತರುವುದಾದರೆ ಅರ್ಧ ಗಂಟೆಯೊಳಗೆ, ತೀರಾ ಅಂದರೆ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ಒಳ ಜೇಬಿನಲ್ಲಿ, ಮೈಗೆ ತಾಗಿದಂತೆ ಇಟ್ಟುಕೊಂಡು ಬಂದರೆ ಸಾಕು, ಐಸ್ ಹಾಕಬಾರದು. ತಣ್ಣಗಾದರೆ ವೀರ್ಯಾಣುಗಳು ಮಂದವಾಗುತ್ತವೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡು ಬಂದ ಸ್ಯಾಂಪಲಿನಲ್ಲಿ ಚಲನೆ ಕಡಿಮೆ ಎಂದು ಬಂದರೆ ತಪ್ಪು ರಸ್ತೆಯದೋ ಗಂಡಸಿನದೋ ಯಾರೂ ಹೇಳಲಾರರು. ಮಾಮೂಲಿ ಕಾಂಡೋಮಿನಲ್ಲಿ ಸಂಗ್ರಹಿಸಬಾರದು, ಎಣ್ಣೆ, ಜೆಲ್, ಎಂಜಲು ಯಾವುದೂ ತಾಗಬಾರದು. ಇವೆಲ್ಲ ವೀರ್ಯಾಣುವಿಗೆ ಹಾನಿ ಮಾಡುತ್ತವೆ.

ಕೌಂಟ್: ಎರಡು ಅಂಕಿ

ಈಗ ಸಂಖ್ಯೆಗೆ ಬರೋಣ. ರಿಪೋರ್ಟಿನಲ್ಲಿ ಎಲ್ಲರ ಕಣ್ಣು ಹೋಗುವುದು 'ಮಿಲಿಲೀಟರಿಗೆ ಇಷ್ಟು ಮಿಲಿಯನ್' ಎಂಬ ಸಾಲಿಗೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಇಲ್ಲಿ ಕೆಳಮಿತಿ 16 ಮಿಲಿಯನ್, ಅಂದರೆ ಒಂದು ಕೋಟಿ ಅರವತ್ತು ಲಕ್ಷ. 2010ರ ಆವೃತ್ತಿಯಲ್ಲಿ ಇದು 15 ಇತ್ತು, ಅದಕ್ಕೂ ಹಿಂದೆ 20. ನಿಮ್ಮ ಲ್ಯಾಬಿನ ಹಾಳೆಯಲ್ಲಿ ಇನ್ನೂ 20 ಎಂದೋ 60 ಎಂದೋ ಇದ್ದರೆ ಅದು ಹಳೆಯ ಅಚ್ಚು. ಹಾಗಿದ್ದರೆ 18 ಬಂದವರಿಗೆ ಸುಮ್ಮನೆ ದಪ್ಪಕ್ಷರದ ಶಿಕ್ಷೆ.

ಇದಕ್ಕಿಂತ ಉಪಯುಕ್ತ ಅಂಕಿ ಇನ್ನೊಂದಿದೆ: ಇಡೀ ಸ್ಯಾಂಪಲಿನ ಒಟ್ಟು ಸಂಖ್ಯೆ. ಇದರ ಕೆಳಮಿತಿ 39 ಮಿಲಿಯನ್. ಕೌಂಟನ್ನು ಪ್ರಮಾಣದಿಂದ ಗುಣಿಸಿದರೆ ಇದು ಸಿಗುತ್ತದೆ. ವೃಷಣ ಎಷ್ಟು ವೀರ್ಯಾಣು ತಯಾರಿಸಿ ಕಳುಹಿಸುತ್ತಿದೆ ಎನ್ನುವುದಕ್ಕೆ ಹತ್ತಿರದ ಅಳತೆ ಇದೇ. ಪ್ರತಿ ಮಿಲಿಲೀಟರಿನ ಸಂಖ್ಯೆ ದ್ರವ ಹೆಚ್ಚಾದರೆ ತೆಳುವಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ. ಒಬ್ಬರ ಕೌಂಟ್ 12, ಪ್ರಮಾಣ 4 ಮಿಲಿ ಅನ್ನಿ. ಒಟ್ಟು 48. ರಿಪೋರ್ಟಿನಲ್ಲಿ ಅವರ ಕೌಂಟ್ ದಪ್ಪಕ್ಷರದಲ್ಲಿರುತ್ತದೆ. ಇನ್ನೊಬ್ಬರದು ಕೌಂಟ್ 20, ಪ್ರಮಾಣ ಒಂದೂವರೆ ಮಿಲಿ. ಒಟ್ಟು 30. ಇವರ ಕೌಂಟಿಗೆ ಗುರುತೇ ಇಲ್ಲ. ಗಾಬರಿಯಾಗಿ ಬರುವುದು ಮೊದಲನೆಯವರು, ನಿಶ್ಚಿಂತೆಯಿಂದ ಇರುವುದು ಎರಡನೆಯವರು. ಕ್ಯಾಲ್ಕುಲೇಟರ್ ತೆಗೆದರೆ ಎರಡೂ ತಲೆಕೆಳಗು. ನಮ್ಮ ದಂಪತಿಯ ರಿಪೋರ್ಟಿನಲ್ಲಿ 14ನ್ನು 1.8ರಿಂದ ಗುಣಿಸಿದರೆ 25 ಮಿಲಿಯನ್. ಅಂದರೆ ಎರಡೂ ಲೆಕ್ಕದಲ್ಲಿ ಕಡಿಮೆ. ಆದರೆ ಅದು ಮೊದಲ ಭಾಗ ಕಳೆದುಹೋದ ಸ್ಯಾಂಪಲ್ ಎಂಬುದನ್ನು ಮರೆಯಬಾರದು.

ಎಣಿಸುವುದರಲ್ಲೂ ಏರುಪೇರಿದೆ. ಮೊದಲು ವೀರ್ಯ ತನ್ನಷ್ಟಕ್ಕೆ ನೀರಾಗುವ ತನಕ ಕಾಯುತ್ತೇವೆ, ಸಾಮಾನ್ಯವಾಗಿ ಅರ್ಧ ಗಂಟೆ. ಆಮೇಲೆ ಗೊತ್ತಾದ ಪ್ರಮಾಣದಲ್ಲಿ ತೆಳು ಮಾಡಿ, ಸಣ್ಣ ಚೌಕಗಳನ್ನು ಕೊರೆದ ನ್ಯೂಬಾವರ್ ಚೇಂಬರ್ ಎಂಬ ಗಾಜಿನ ಮೇಲೆ ಹಾಕಿ ಎಣಿಸುತ್ತೇವೆ. ಒಂದು ಬದಿಯಲ್ಲಿ ಕನಿಷ್ಠ 200, ಇನ್ನೊಂದು ಬದಿಯಲ್ಲಿ ಮತ್ತೆ 200 ವೀರ್ಯಾಣು ಎಣಿಸಬೇಕೆಂದು ನಿಯಮ. ಒಟ್ಟು 400 ಎಣಿಸಿದರೆ ಲೆಕ್ಕದಲ್ಲಿ ಶೇ. 10ರಷ್ಟು ಆಚೀಚೆ ಇರುತ್ತದೆ, 14 ಎಂದರೆ ಹದಿಮೂರರಿಂದ ಹದಿನೈದರ ನಡುವೆ ಅಂತ ಇಟ್ಟುಕೊಳ್ಳಿ. ಅವಸರದಲ್ಲಿ ಬರೀ 25 ಎಣಿಸಿ ಬಿಟ್ಟರೆ? ಆಗ ಶೇ. 40 ಆಚೀಚೆ. ಅದೇ 14 ಎಂಬುದು 8 ಇರಬಹುದು, 20ಕ್ಕೆ ಹತ್ತಿರವೂ ಇರಬಹುದು. ಹೀಗಿರುವಾಗ 15 ಬಂತು, 16ಕ್ಕೆ ಒಂದು ಕಡಿಮೆ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಚಲನೆ

ಚಲನೆಯ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಅಂಕಿ ಇರುತ್ತವೆ. ಈಗಿನ ಕೈಪಿಡಿ ನಾಲ್ಕು ಗುಂಪು ಮಾಡುತ್ತದೆ: ವೇಗವಾಗಿ ಮುಂದೆ ಹೋಗುವವು, ನಿಧಾನವಾಗಿ ಮುಂದೆ ಹೋಗುವವು, ಇದ್ದಲ್ಲೇ ಅಲ್ಲಾಡುವವು, ಅಲ್ಲಾಡದವು. ಎಬಿಸಿಡಿ ಎಂದು ಬರೆಯುವ ಲ್ಯಾಬುಗಳೂ ಇವೆ. ಸೆಕೆಂಡಿಗೆ 25 ಮೈಕ್ರಾನ್ ದಾಟಿದರೆ ವೇಗದ್ದು. ವೀರ್ಯಾಣುವಿನ ಉದ್ದ ಬಾಲವೂ ಸೇರಿ ಸುಮಾರು 50 ಮೈಕ್ರಾನ್, ಅಂದರೆ ಸೆಕೆಂಡಿಗೆ ತನ್ನ ಅರ್ಧ ಉದ್ದದಷ್ಟು ದೂರ. ಒಟ್ಟು ಚಲನೆಯ ಕೆಳಮಿತಿ ಶೇ. 42, ಮುನ್ನುಗ್ಗುವ ಎರಡು ಗುಂಪು ಸೇರಿ ಶೇ. 30.

ಇವುಗಳಲ್ಲಿ ಮುಖ್ಯವಾದದ್ದು ಆ ಶೇ. 30. ಗರ್ಭಕೊರಳಿನ ಲೋಳೆಯನ್ನು ದಾಟಿ ಮೇಲೆ ಹೋಗಬಲ್ಲವು ಮುನ್ನುಗ್ಗುವವು ಮಾತ್ರ. ಇದ್ದಲ್ಲೇ ಗಿರಕಿ ಹೊಡೆಯುವವು ಯೋನಿಯಲ್ಲೇ ಉಳಿದುಬಿಡುತ್ತವೆ. ತಮಾಷೆ ಅಂದರೆ ಜನ 'ಶೇ. 60 ಸತ್ತಿವೆಯಂತೆ' ಎಂದು ಹೆದರಿ ಬರುತ್ತಾರೆ. ಅಲ್ಲಾಡದ್ದೆಲ್ಲ ಸತ್ತದ್ದಲ್ಲ. ಚಲನೆ ತುಂಬ ಕಡಿಮೆ ಇದ್ದಾಗ ಜೀವಂತಿಕೆಯ ಪರೀಕ್ಷೆ ಬೇರೆಯಾಗಿ ಮಾಡುತ್ತೇವೆ. ಇಯೋಸಿನ್ ಎಂಬ ಬಣ್ಣ ಹಾಕಿದರೆ ಸತ್ತ ವೀರ್ಯಾಣುವಿನ ತಲೆ ಗುಲಾಬಿಯಾಗುತ್ತದೆ, ಬದುಕಿರುವುದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳದೆ ಬಿಳಿಯಾಗಿ ಉಳಿಯುತ್ತದೆ. ಬಹಳಷ್ಟು ಬದುಕಿವೆ, ಆದರೆ ಒಂದೂ ಅಲ್ಲಾಡುತ್ತಿಲ್ಲ ಎಂದಾದರೆ ಬಾಲದ ರಚನೆಯಲ್ಲೇ ದೋಷವಿರಬಹುದು. ನಿಜವಾಗಿಯೂ ಸತ್ತಿವೆ ಎಂದಾದರೆ ವೈದ್ಯರು ಹುಡುಕುವ ದಾರಿ ಬೇರೆ.

ಚಲನೆಯನ್ನು ಒಟ್ಟು ಸಂಖ್ಯೆಯ ಜೊತೆ ಸೇರಿಸಿ ಓದಿದರೆ ಇನ್ನೂ ಒಳ್ಳೆಯದು. ನಮ್ಮ ದಂಪತಿಯ 25 ಮಿಲಿಯನ್‌ನಲ್ಲಿ ಶೇ. 24 ಎಂದರೆ 6 ಮಿಲಿಯನ್, ಅಂದರೆ 60 ಲಕ್ಷ ಮುನ್ನುಗ್ಗುವ ವೀರ್ಯಾಣುಗಳು. ಚಿಕಿತ್ಸೆಯ ವೈದ್ಯರು ಮುಂದಿನ ಹೆಜ್ಜೆ ಯೋಚಿಸುವಾಗ ಹೆಚ್ಚಾಗಿ ಈ ಅಂಕಿಯನ್ನೇ ಹಿಡಿಯುತ್ತಾರೆ. ರಿಪೋರ್ಟಿನಲ್ಲಿ ಇದು ಇಲ್ಲದಿದ್ದರೆ ನೀವೇ ಗುಣಿಸಿಕೊಳ್ಳಿ.

ಆಕಾರ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ಕಣ್ಣೀರು ಹಾಕಿಸುವ ಸಾಲು ಇದು. 'ಸರಿಯಾದ ಆಕಾರದವು ಶೇ. 3' ಎಂದರೆ ಶೇ. 97 ಕೆಟ್ಟವು ಎಂದು ಓದಿಕೊಳ್ಳುತ್ತಾರೆ. ಒಬ್ಬ ಅತ್ತೆ ಸೊಸೆಯನ್ನೂ ಮಗನನ್ನೂ ಕರೆದುಕೊಂಡು ಬಂದು, 'ಡಾಕ್ಟ್ರೇ, ಹುಟ್ಟೋ ಮಗು ಊನವಾಗಿ ಹುಟ್ಟತ್ತಾ?' ಎಂದು ಕೇಳಿದರು. ಇಲ್ಲ. ವೀರ್ಯಾಣುವಿನ ತಲೆ ಸ್ವಲ್ಪ ಉದ್ದವೋ ಬಾಲ ಸ್ವಲ್ಪ ಸೊಟ್ಟವೋ ಆಗಿರುವುದಕ್ಕೂ ಮಗುವಿನ ಅಂಗಾಂಗಕ್ಕೂ ಸಂಬಂಧವಿಲ್ಲ.

ಇಲ್ಲಿ ಕೆಳಮಿತಿ ಶೇ. 4. ತಂದೆಯಾದವರ ಸಾಲಿನ ನಟ್ಟನಡುವೆ ನಿಂತವನದೂ ಶೇ. 14 ಅಷ್ಟೇ. ಅಂದರೆ ಮನುಷ್ಯರಲ್ಲಿ ಬಹುಪಾಲು ವೀರ್ಯಾಣುಗಳು ಈ ಅಳತೆಗೆ ಸಿಗುವುದೇ ಇಲ್ಲ. ಕಾರಣ ಅಳತೆಯ ಬಿಗಿ. ಬಣ್ಣ ಹಾಕಿದ ಸ್ಲೈಡಿನಲ್ಲಿ ತಲೆ ನುಣುಪಾದ ಮೊಟ್ಟೆಯಾಕಾರದಲ್ಲಿರಬೇಕು, ಉದ್ದ ನಾಲ್ಕು ಮೈಕ್ರಾನ್‌ನ ಆಸುಪಾಸು. ತಲೆಯ ಮುಂದಿನ ಟೋಪಿಯಂಥ ಭಾಗ ತಲೆಯ ಶೇ. 40ರಿಂದ 70ರಷ್ಟನ್ನು ಮುಚ್ಚಿರಬೇಕು. ಕತ್ತು ನೇರ, ಬಾಲ ಒಂದೇ ಮತ್ತು ಸುರುಳಿಯಿಲ್ಲದ್ದು. ಇವುಗಳಲ್ಲಿ ಯಾವುದು ಅನುಮಾನವಾದರೂ ಅದನ್ನು 'ಸರಿಯಿಲ್ಲ' ಗುಂಪಿಗೆ ಹಾಕಬೇಕು ಎಂದೇ ನಿಯಮ. ಇಂಥ ಬಿಗಿ ಅಳತೆ ಬಂದದ್ದರಿಂದಲೇ ಕೆಳಮಿತಿ 1987ರಲ್ಲಿ 50 ಇದ್ದದ್ದು 1992ರಲ್ಲಿ 30 ಆಗಿ, 2010ರ ಹೊತ್ತಿಗೆ 4 ಆಯಿತು. ಗಂಡಸರು ಕೆಟ್ಟುಹೋದರು ಎಂದಲ್ಲ, ನೋಡುವವರ ಕಣ್ಣು ಬಿಗಿಯಾಯಿತು. ಹಳೆಯ ಪದ್ಧತಿಯ ಲ್ಯಾಬಿನಲ್ಲಿ ಶೇ. 60 ಎಂದು ಬಂದವರಿಗೆ ಹೊಸ ಪದ್ಧತಿಯ ಲ್ಯಾಬಿನಲ್ಲಿ ಶೇ. 5 ಬಂದರೆ ಏನೂ ಆಗಿಲ್ಲ, ಎರಡು ಬೇರೆ ಬೇರೆ ಅಳತೆಗೋಲು ಅಷ್ಟೇ.

ಇಲ್ಲೂ ಎಣಿಕೆಯ ಲೆಕ್ಕ ಹಿಡಿಯಿರಿ. 200ರಲ್ಲಿ 8 ಸರಿ ಇದ್ದರೆ ಶೇ. 4. ಅದೇ ಸ್ಯಾಂಪಲಿನಿಂದ ಇನ್ನೊಂದು ಸ್ಲೈಡ್ ಮಾಡಿ 200 ನೋಡಿದರೆ 4 ಸಿಗಬಹುದು, 12 ಸಿಗಬಹುದು. ಅಂದರೆ ಒಬ್ಬನೇ ಮನುಷ್ಯನಿಗೆ ಶೇ. 2 ಮತ್ತು ಶೇ. 6 ಎಂಬ ಎರಡು ರಿಪೋರ್ಟು. ಉಳಿದೆಲ್ಲ ಸರಿ ಇದ್ದು ಆಕಾರವೊಂದೇ ಶೇ. 2 ಅಥವಾ 3 ಬಂದರೆ, ನನ್ನ ಅಭಿಪ್ರಾಯದಲ್ಲಿ, ಅದೊಂದನ್ನೇ ಹಿಡಿದು ದೊಡ್ಡ ನಿರ್ಧಾರ ಮಾಡುವುದು ಸರಿಯಲ್ಲ. ಒಂದು ಅಪವಾದ ಇದೆ. ಎಲ್ಲ ವೀರ್ಯಾಣುಗಳಲ್ಲೂ ಒಂದೇ ಬಗೆಯ ದೋಷ ಕಂಡರೆ, ಉದಾಹರಣೆಗೆ ಎಲ್ಲ ತಲೆಗಳೂ ಟೋಪಿಯಿಲ್ಲದೆ ಗುಂಡಗಿದ್ದರೆ, ಅದು ಜೀನಿಗೆ ಸಂಬಂಧಿಸಿದ ಅಪರೂಪದ ಸ್ಥಿತಿ. ಅಂಥ ವೀರ್ಯಾಣು ಅಂಡದೊಳಗೆ ತಾನೇ ಹೋಗಲಾರದು. ಅದನ್ನು ಲ್ಯಾಬಿನವರು ಶೇಕಡಾವಾರಿನಲ್ಲಿ ಮುಚ್ಚಿಡದೆ ಬಿಡಿಸಿ ಬರೆಯಬೇಕು.

ಪಸ್ ಸೆಲ್ಸ್ ಬಗ್ಗೆ ಒಂದು ಮಾತು. ಬಣ್ಣ ಹಾಕದ ಸ್ಲೈಡಿನಲ್ಲಿ ಬಿಳಿ ರಕ್ತಕಣವೂ ಪೂರ್ತಿ ಬೆಳೆಯದ ವೀರ್ಯಾಣುವೂ ದುಂಡಗೆ ಒಂದೇ ರೀತಿ ಕಾಣುತ್ತವೆ. ಪೆರಾಕ್ಸಿಡೇಸ್ ಎಂಬ ಬಣ್ಣದ ಪರೀಕ್ಷೆ ಮಾಡಿದರಷ್ಟೇ ವ್ಯತ್ಯಾಸ ಗೊತ್ತಾಗುವುದು. ಮಿಲಿಲೀಟರಿಗೆ ಒಂದು ಮಿಲಿಯನ್‌ಗಿಂತ ಹೆಚ್ಚು ಬಿಳಿ ರಕ್ತಕಣ ಇದ್ದರೆ ಸೋಂಕಿನ ಬಗ್ಗೆ ಯೋಚಿಸಬೇಕು. '4ರಿಂದ 6' ಎಂದು ಬರೆದ ಒಂದು ಸಾಲು ನೋಡಿ ಎರಡು ವಾರ ಆ್ಯಂಟಿಬಯಾಟಿಕ್ ನುಂಗುವುದು ಬೇಡ.

ಮತ್ತೆ ಆ ದಂಪತಿ

ಅವರನ್ನು ಕೂರಿಸಿಕೊಂಡು ಮಾತಾಡಿದಾಗ ಇನ್ನೊಂದು ವಿಷಯ ಹೊರಬಿತ್ತು. ಪರೀಕ್ಷೆಗೆ ಏಳೆಂಟು ವಾರ ಮುಂಚೆ ಗಂಡನಿಗೆ ಡೆಂಗಿ ಬಂದು, ಐದು ದಿನ ಜೋರು ಜ್ವರ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ, ಅವರಿಗೂ ಹೇಳಬೇಕೆನಿಸಿರಲಿಲ್ಲ. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹತ್ತಿರ ಬೇಕು, ಆಮೇಲೆ ಹೊರದಾರಿಯ ಸುರುಳಿ ನಾಳದಲ್ಲಿ ಹಣ್ಣಾಗಲು ಇನ್ನೂ ಒಂದೆರಡು ವಾರ. ಹಾಗಾಗಿ ಇವತ್ತಿನ ಸ್ಯಾಂಪಲ್ ಹೇಳುವುದು ಇವತ್ತಿನ ಕಥೆಯಲ್ಲ, ಕಳೆದ ಮೂರು ತಿಂಗಳ ಕಥೆ. ವೃಷಣಗಳು ಮೈಯ ಹೊರಗೆ ಚೀಲದಲ್ಲಿ ಇರುವುದೇ ತಂಪಿಗಾಗಿ. ಜೋರು ಜ್ವರ ಬಂದಾಗ ಅರ್ಧಕ್ಕೆ ಬೆಳೆದಿದ್ದವು ಹಾಳಾಗುತ್ತವೆ, ಅದರ ಪರಿಣಾಮ ಕಾಣುವುದು ವಾರಗಳ ನಂತರ.

ಅವರಿಗೆ ಔಷಧಿ ಏನೂ ಬೇಡವೆಂದು ಅವರ ವೈದ್ಯರೂ ಒಪ್ಪಿದರು. ವೃಷಣದ ಮೇಲೆ ಉಬ್ಬಿದ ರಕ್ತನಾಳಗಳು ಇವೆಯೇ ಎಂದು ಕೈಯಿಂದ ಮುಟ್ಟಿ ನೋಡಿದರು, ಇರಲಿಲ್ಲ. ಅವರು ಗುಟ್ಕಾ ಹಾಕುತ್ತಿದ್ದರು, ಅದನ್ನು ಬಿಡಿಸಿದರು. ಮೂರು ತಿಂಗಳ ನಂತರ ಅದೇ ಲ್ಯಾಬಿನಲ್ಲಿ, ಮತ್ತೆ ಮೂರೇ ದಿನದ ಅಂತರ ಇಟ್ಟು, ಈ ಸಲ ಪೂರ್ತಿ ಸ್ಯಾಂಪಲ್. ಪ್ರಮಾಣ 2.6 ಮಿಲಿ, ಕೌಂಟ್ 22, ಒಟ್ಟು 57 ಮಿಲಿಯನ್. ಮುನ್ನುಗ್ಗುವ ಚಲನೆ ಶೇ. 34, ಅಂದರೆ 19 ಮಿಲಿಯನ್ ಮೇಲೆ. ಮೊದಲಿನ 6ಕ್ಕೆ ಹೋಲಿಸಿದರೆ ಮೂರು ಪಟ್ಟು. ಆಕಾರ ಮಾತ್ರ ಮತ್ತೆ ಶೇ. 3, ಅದರ ಮೇಲೆ ಈಗಲೂ ದಪ್ಪಕ್ಷರದ ಗುರುತು. ಮೂರು ಕಾರಣ ಒಟ್ಟಿಗೆ ಸರಿಹೋದದ್ದರಿಂದ ಯಾವುದರಿಂದ ಎಷ್ಟು ಸುಧಾರಿಸಿತು ಎಂದು ಬಿಡಿಸಿ ಹೇಳಲಾರೆ. ಆದರೆ ಮೊದಲ ಹಾಳೆಯನ್ನು ನಂಬಿ ಐವಿಎಫ್‌ಗೆ ಸಾಲ ಮಾಡಬೇಕಿರಲಿಲ್ಲ ಎನ್ನುವುದು ಸ್ಪಷ್ಟ.

ಎಲ್ಲರಿಗೂ ಹೀಗೆಯೇ ಆಗುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಸರಿಯಾಗಿ ಕೊಟ್ಟ ಎರಡು ಸ್ಯಾಂಪಲಿನಲ್ಲೂ ಕೌಂಟ್ 5 ಮಿಲಿಯನ್‌ಗಿಂತ ಕೆಳಗೆ ಇದ್ದರೆ ಅದು ಜ್ವರದ, ಗಾಬರಿಯ ಮಾತಲ್ಲ. ಅಲ್ಲಿ ಹಾರ್ಮೋನು ಪರೀಕ್ಷೆ, ವರ್ಣತಂತುಗಳ ಪರೀಕ್ಷೆ ಬೇಕಾಗುತ್ತವೆ. ಮತ್ತೆ ಮೂರು ತಿಂಗಳು ನೋಡೋಣ ಎಂದು ತಳ್ಳಬಾರದು.

ಸಭೆಯಿಂದ ಬಂದ ಪ್ರಶ್ನೆಗಳು

*ಕೌಂಟ್ ಹೆಚ್ಚಿಸುವ ಮಾತ್ರೆ, ಪುಡಿ ಎಲ್ಲ ಮೆಡಿಕಲ್ ಶಾಪಿನಲ್ಲೇ ಸಿಗುತ್ತದಲ್ಲ, ತೊಗೊಳ್ಳಬಹುದಾ?*

ವಿಟಮಿನ್, ಸತು, ಆ್ಯಂಟಿ ಆಕ್ಸಿಡೆಂಟ್ ಇರುವ ಮಾತ್ರೆಗಳಿಂದ ಹೆಚ್ಚು ಮಕ್ಕಳಾಗುತ್ತವೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹೆಚ್ಚಿನವರಿಗೆ ಹಾನಿಯೂ ಕಡಿಮೆ, ಖರ್ಚು ಮಾತ್ರ ಖಚಿತ. ನಾನು ನಿಜವಾಗಿ ಹೆದರುವುದು ಜಿಮ್ಮಿನಲ್ಲಿ ಕೊಡುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದಿಗೆ. ಗಂಡಸಿನ ಹಾರ್ಮೋನು ತಾನೇ, ಕೌಂಟ್ ಏರುತ್ತದೆ ಎಂದು ಹುಡುಗರು ನಂಬುತ್ತಾರೆ. ಆಗುವುದು ಉಲ್ಟಾ. ಹೊರಗಿನಿಂದ ಹಾರ್ಮೋನು ಬಂತೆಂದು ಮಿದುಳು ವೃಷಣಕ್ಕೆ ಕಳುಹಿಸುವ ಸಂಕೇತವನ್ನು ನಿಲ್ಲಿಸುತ್ತದೆ, ವೀರ್ಯಾಣು ತಯಾರಿ ಸೊನ್ನೆಗೆ ಇಳಿಯಬಹುದು. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಮರಳುತ್ತದೆ, ಆದರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಬೇಕು. ಪರೀಕ್ಷೆಗೆ ಬಂದಾಗ ಇದನ್ನು ಮುಚ್ಚಿಡಬೇಡಿ.

*ನಮ್ಮ ಭಾವನ ರಿಪೋರ್ಟಿನಲ್ಲಿ 'ನಿಲ್' ಅಂತ ಬಂದಿದೆ. ಇನ್ನೇನೂ ದಾರಿ ಇಲ್ಲವಾ?*

ಮೊದಲು ಲ್ಯಾಬಿನವರನ್ನು ಒಂದು ಪ್ರಶ್ನೆ ಕೇಳಿ: ಸ್ಯಾಂಪಲನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡಿದ್ದೀರಾ? ಹಾಗೆ ನೋಡದೆ ಸೊನ್ನೆ ಎಂದು ಬರೆಯಬಾರದು, ತಳದಲ್ಲಿ ನಾಲ್ಕೇ ವೀರ್ಯಾಣು ಸಿಕ್ಕರೂ ಚಿಕಿತ್ಸೆಯ ದಾರಿ ಬದಲಾಗುತ್ತದೆ. ಎರಡನೆಯ ಸ್ಯಾಂಪಲಿನಲ್ಲೂ ಸೊನ್ನೆಯೇ ಆದರೆ, ತಯಾರಾಗುತ್ತಿಲ್ಲವೋ ಅಥವಾ ತಯಾರಾದದ್ದು ಹೊರಗೆ ಬರುತ್ತಿಲ್ಲವೋ ಎಂದು ನೋಡಬೇಕು. ಪ್ರಮಾಣ ಒಂದು ಮಿಲಿಗಿಂತ ಕಡಿಮೆ, ಜೊತೆಗೆ ಹುಳಿಯಂಶ ಹೆಚ್ಚು, ಅಂದರೆ ಪಿಎಚ್ 7.2ಕ್ಕಿಂತ ಕೆಳಗೆ ಇದ್ದರೆ ದಾರಿ ಮುಚ್ಚಿರುವ ಅನುಮಾನ ಬಲವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ವೀರ್ಯ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗುವುದೂ ಉಂಟು, ಆಗ ಮೂತ್ರ ಪರೀಕ್ಷಿಸಿದರೆ ವೀರ್ಯಾಣು ಅಲ್ಲೇ ಸಿಗುತ್ತವೆ. ದಾರಿ ಮಾತ್ರ ಮುಚ್ಚಿದ್ದರೆ ವೃಷಣದಿಂದಲೇ ಸೂಜಿಯಲ್ಲಿ ತೆಗೆಯಬಹುದು. ಭಾವನವರ ರಿಪೋರ್ಟಿನ ಪ್ರಮಾಣ ಮತ್ತು ಪಿಎಚ್ ಸಾಲು ನೋಡಿ, ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ.

*ಇವರ ರಿಪೋರ್ಟ್ ಪೂರ್ತಿ ನಾರ್ಮಲ್ ಬಂದಿದೆ. ಹಾಗಾದರೆ ತೊಂದರೆ ನನ್ನದೇ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ.*

ಅಮ್ಮಾ, ಈ ಹಾಳೆ ಹಾಗೆ ಹೇಳುವುದಿಲ್ಲ. ಎಷ್ಟಿವೆ, ಹೇಗೆ ಓಡುತ್ತವೆ, ಹೇಗೆ ಕಾಣುತ್ತವೆ ಎಂಬುದನ್ನು ಮಾತ್ರ ನಾವು ನೋಡುತ್ತೇವೆ. ಅಂಡಕ್ಕೆ ಅಂಟಿಕೊಳ್ಳಬಲ್ಲವೇ, ಅದರ ಹೊದಿಕೆಯನ್ನು ದಾಟಬಲ್ಲವೇ ಎನ್ನುವುದು ಈ ಪರೀಕ್ಷೆಗೆ ಕಾಣುವುದಿಲ್ಲ. ನಿಮ್ಮ ಪರೀಕ್ಷೆಗಳೆಲ್ಲ ಸರಿ, ಅವರದೂ ಸರಿ, ಆದರೂ ಮಗುವಾಗಿಲ್ಲ ಎನ್ನುವ ದಂಪತಿಗಳು ಬೇಕಾದಷ್ಟು ಜನ ಇದ್ದಾರೆ. ಮನೆಯವರಿಗೆ ಬೇಕಿದ್ದರೆ ನಾನೇ ಹೇಳುತ್ತೇನೆ, ಕರೆದುಕೊಂಡು ಬನ್ನಿ. ನಿಮ್ಮ ವಯಸ್ಸು 35 ದಾಟಿದ್ದರೆ ವರ್ಷ ಕಾಯದೆ ಆರು ತಿಂಗಳಿಗೇ ಇಬ್ಬರೂ ಒಟ್ಟಿಗೆ ವೈದ್ಯರನ್ನು ನೋಡಿ. ಹೋಗುವಾಗ ಅವರ ರಿಪೋರ್ಟನ್ನೂ ನಿಮ್ಮದನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ.